ಬೂತಾಯಿ ಹಿಂಡಿನ ತಿರುವು ನನಗೆ ಕಲಿಸಿದ್ದು

ಉಡುಪಿಯ ಒಂದು ಮೀನೂಟದ ಹೋಟೆಲಿನವರು ಗೋಡೆಯ ದೊಡ್ಡ ಸ್ಕ್ರೀನಿಗೆ ಈಜುವ ಬೂತಾಯಿ ಹಿಂಡು ಬೇಕು ಎಂದಿದ್ದರು. ವಿಡಿಯೊ ಬೇಡ, ಒಮ್ಮೆ ಬಂದದ್ದು ಮತ್ತೆ ಬರಬಾರದು ಎಂಬುದು ಅವರ ಆಸೆ. ಹಾಗಾಗಿ ಬ್ರೌಸರಿನಲ್ಲಿ ಚಿತ್ರ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ p5.js ನಲ್ಲಿ 400 ಮೀನು ಬಿಟ್ಟು, ಮೂರು ನಿಯಮಗಳ ಹಿಂಡು ಬರೆದೆ.

ಈ ಮೂರು ನಿಯಮ ಕ್ರೇಗ್ ರೆನಾಲ್ಡ್ಸ್ 1987ರಲ್ಲಿ ಪ್ರಕಟಿಸಿದ್ದು. ತೀರಾ ಹತ್ತಿರ ಬಂದವರಿಂದ ಸರಿದುಕೋ, ಅದು ಸೆಪರೇಷನ್. ಅಕ್ಕಪಕ್ಕದವರು ಹೋಗುವ ದಿಕ್ಕಿಗೆ ತಿರುಗು, ಅದು ಅಲೈನ್‌ಮೆಂಟ್. ಅವರ ನಡುವಿನ ಕಡೆಗೆ ಹೋಗು, ಅದು ಕೊಹೀಷನ್. ಹಿಂಡಿಗೆ ನಾಯಕ ಇಲ್ಲ. ಪ್ರತಿ ಮೀನೂ ತನ್ನ ಸುತ್ತ ಮಾತ್ರ ನೋಡುತ್ತದೆ.

ಒಂದು ಸಂಜೆಯಲ್ಲಿ ಅದು ಓಡಿತು. ನನ್ನ ಮಾವ ಮಲ್ಪೆಯಲ್ಲಿ ಪರ್ಸೀನ್ ಬೋಟಿಗೆ ಹೋಗುವವರು, ಬಲೆಗೆ ಬೀಳುವ ಮೊದಲಿನ ಬೂತಾಯಿಯನ್ನು ವರ್ಷಗಟ್ಟಲೆ ನೋಡಿದವರು. ಅವರಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಹೇಳಿದರು, "ಇದು ಬೂತಾಯಿ ಅಲ್ಲ ಮಾರಾಯ, ನೊಣ. ನಡುಗ್ತಾ ಉಂಟಲ್ಲ. ಮತ್ತೆ ತಿರುಗುವಾಗ ಎಲ್ಲ ಒಟ್ಟಿಗೇ ತಿರುಗಿದ್ರೆ ಹೇಗೆ? ಒಂದು ಕಡೆಯಿಂದ ಹೊಳಪು ಓಡ್ಬೇಕು."

ಎರಡು ದೂರು. ಎರಡಕ್ಕೂ ಕಾರಣ ಬೇರೆ ಬೇರೆ ಇತ್ತು.

ಮೊದಲು ನಡುಕ. ಒಂದೇ ಮೀನಿಗೆ ಕೆಂಪು ಬಣ್ಣ ಹಚ್ಚಿ, ಅದರ ಹಿಂದೆ ಗೆರೆ ಬಿಡಿಸುತ್ತಾ ನೋಡಿದೆ. ಗೆರೆ ಗರಗಸದ ಹಲ್ಲಿನ ಹಾಗೆ ಬಂತು. ನಾನು ಎಲ್ಲರೂ ಬರೆಯುವ ಹಾಗೆ, ಸೆಪರೇಷನ್ನಿನ ಒಟ್ಟು ತಳ್ಳುವಿಕೆಯನ್ನು ಕೊನೆಯಲ್ಲಿ ಪೂರ್ತಿ ವೇಗಕ್ಕೆ ಏರಿಸುತ್ತಿದ್ದೆ. ಪಕ್ಕದ ಮೀನು ಗಡಿಯೊಳಗೆ ಕೂದಲೆಳೆಯಷ್ಟು ಬಂದರೂ ಪೂರ್ತಿ ಬಲದಲ್ಲಿ ತಳ್ಳು. ತಳ್ಳಿದ ಕೂಡಲೇ ಅದು ಗಡಿಯ ಹೊರಗೆ, ಆಗ ತಳ್ಳುವಿಕೆ ಸೊನ್ನೆ. ಕೊಹೀಷನ್ ಮತ್ತೆ ಒಳಗೆ ಎಳೆಯುತ್ತದೆ. ಸೆಕೆಂಡಿಗೆ 60 ಸಲ ಲೆಕ್ಕ ಹಾಕುವಾಗ ಇದು ನಡುಕವಾಗಿ ಕಾಣದೆ ಇನ್ನೇನು? ಮೂರು ನಿಯಮಗಳಿಗೆ ಕೊಟ್ಟ ತೂಕದ ಅಂಕಿಗಳನ್ನು ಎಷ್ಟು ತಿರುಚಿದರೂ ನಡುಕ ಹೋಗಲಿಲ್ಲ. ತಪ್ಪು ತೂಕದಲ್ಲಿ ಇರಲಿಲ್ಲ, ತಳ್ಳುವಿಕೆಯ ಆಕಾರದಲ್ಲಿ ಇತ್ತು. ಗಡಿಯಲ್ಲಿ ಸೊನ್ನೆಯಿಂದ ಶುರುವಾಗಿ ಹತ್ತಿರ ಬಂದಂತೆ ಏರುವ ಹಾಗೆ ಮಾಡಿದೆ:

```
let away = p5.Vector.sub(me.pos, other.pos);
let d = away.mag();
if (d > 0 && d < R) {
  away.setMag(1 - d / R);
  push.add(away);
}
```

ಇಲ್ಲಿ `R` 22 ಪಿಕ್ಸೆಲ್, ನನ್ನ ಮೀನಿನ ಉದ್ದಕ್ಕಿಂತ ಸ್ವಲ್ಪ ಜಾಸ್ತಿ. ಮುಖ್ಯ ವಿಷಯ ಏನೆಂದರೆ, ಆಮೇಲೆ `push` ಅನ್ನು ಮತ್ತೆ ಪೂರ್ತಿ ವೇಗಕ್ಕೆ ಏರಿಸಬಾರದು. ಏರಿಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಮೇಲಿನ ಮಿತಿ ಮಾತ್ರ ಇರಲಿ. ಕೆಂಪು ಮೀನಿನ ಗೆರೆ ನಯವಾಯಿತು.

ಎರಡನೆಯ ದೂರು ಇನ್ನೂ ಆಳದ್ದು. ನಾನು ಪ್ರತಿ ಮೀನಿಗೂ 150 ಪಿಕ್ಸೆಲ್ ದೂರದವರೆಗೆ ಕಣ್ಣು ಕೊಟ್ಟಿದ್ದೆ. ಹಿಂಡು ಒತ್ತಾಗಿರುವಾಗ ಅಷ್ಟು ದೂರದಲ್ಲಿ ನೂರಕ್ಕೂ ಜಾಸ್ತಿ ಮೀನು ಇರುತ್ತಿದ್ದವು. ಎಲ್ಲರೂ ಹೆಚ್ಚುಕಡಿಮೆ ಎಲ್ಲರನ್ನೂ ನೋಡುತ್ತಿದ್ದರು. ಹಾಗಾದರೆ ಎಲ್ಲರ ಸರಾಸರಿಯೂ ಒಂದೇ ಅಲ್ವಾ? ಅದಕ್ಕೇ ಹಿಂಡು ತಟ್ಟೆ ತಿರುಗಿಸಿದ ಹಾಗೆ ತಿರುಗುತ್ತಿತ್ತು. ತಿರುವು ಓಡಬೇಕಾದರೆ ಒಬ್ಬರಿಂದ ಒಬ್ಬರಿಗೆ ದಾಟಬೇಕು. ದಾಟಬೇಕಾದರೆ ಪ್ರತಿಯೊಬ್ಬರೂ ಕೆಲವರನ್ನು ಮಾತ್ರ ಗಮನಿಸಬೇಕು.

ರೋಮ್ ನಗರದ ಮೇಲೆ ಹಾರುವ ಸ್ಟಾರ್ಲಿಂಗ್ ಹಕ್ಕಿಗಳನ್ನು ಅಳೆದವರು 2008ರಲ್ಲಿ ಇದನ್ನೇ ಕಂಡಿದ್ದರು. ಒಂದು ಹಕ್ಕಿ ಇಂತಿಷ್ಟು ಮೀಟರ್ ಒಳಗಿನವರನ್ನೆಲ್ಲ ಗಮನಿಸುವುದಿಲ್ಲ. ದೂರ ಎಷ್ಟೇ ಇರಲಿ, ಹತ್ತಿರದ ಆರೇಳು ಹಕ್ಕಿಗಳನ್ನು ಗಮನಿಸುತ್ತದೆ. ಅದು ಹಕ್ಕಿಯ ಲೆಕ್ಕ, ಬೂತಾಯಿಯದ್ದಲ್ಲ. ಆದರೆ ನನಗೆ ಬೇಕಾದ ನೋಟಕ್ಕೆ ಅದು ಸರಿಯಾಗಿ ಹೊಂದಿತು. ಅಲೈನ್‌ಮೆಂಟ್ ಮತ್ತು ಕೊಹೀಷನ್ ಎರಡನ್ನೂ ಹತ್ತಿರದ 7 ಮೀನುಗಳಿಗೆ ಕಟ್ಟಿದೆ. ಸೆಪರೇಷನ್ ಮಾತ್ರ ದೂರದ ಮೇಲೆಯೇ ಉಳಿಯಿತು. ಡಿಕ್ಕಿ ತಪ್ಪಿಸುವಾಗ ಎಂಟನೆಯವನು ಲೆಕ್ಕಕ್ಕಿಲ್ಲ ಎನ್ನಲು ಆಗುವುದಿಲ್ಲ.

ಜೊತೆಗೆ ಹಿಂಬದಿಯನ್ನು ಕುರುಡು ಮಾಡಿದೆ. ಮೀನಿನ ಮುಖದ ದಿಕ್ಕಿನಿಂದ 120 ಡಿಗ್ರಿ ಆಚೆ ಇರುವವರು 7ರ ಲೆಕ್ಕಕ್ಕೆ ಬರುವುದಿಲ್ಲ. ಮುಖದ ದಿಕ್ಕು, ಪಕ್ಕದವನ ಕಡೆಗಿನ ದಿಕ್ಕು, ಈ ಎರಡರ 1 ಉದ್ದದ ವೆಕ್ಟರ್‌ಗಳ ಡಾಟ್ ಪ್ರಾಡಕ್ಟ್ -0.5ಕ್ಕಿಂತ ಕಡಿಮೆ ಬಂದರೆ ಬಿಟ್ಟುಬಿಡುವುದು, ಅಷ್ಟೇ. ಈಗ ಮುಂದಿನ ನಾಲ್ಕು ಮೀನು ತಿರುಗಿದರೆ ಅದು ಹಿಂದಕ್ಕೆ ಹರಿಯುತ್ತದೆ. ಹಿಂಡು ದುಂಡಗಿನ ಉಂಡೆಯಾಗುವುದೂ ನಿಂತು, ಉದ್ದಕ್ಕೆ ಎಳೆದುಕೊಂಡಿತು.

ಹೊಳಪನ್ನು ಬಣ್ಣದಲ್ಲಿ ತಂದೆ. ಪ್ರತಿ ಮೀನು ಆ ಕ್ಷಣ ಎಷ್ಟು ಜೋರಾಗಿ ತಿರುಗುತ್ತಿದೆಯೋ ಅಷ್ಟು ಬೆಳ್ಳಿ ಬಣ್ಣ. ನಿಜವಾದ ಮೀನು ತಿರುಗುವಾಗ ಓರೆಯಾಗಿ, ಅದರ ಬದಿಗೆ ಬೆಳಕು ಬಡಿಯುತ್ತದಲ್ಲ, ಅದರ ನಕಲು. ಮೊದಲ ಸಲ ಸ್ಕ್ರೀನಿನ ಎಡದಿಂದ ಬಲಕ್ಕೆ ಆ ಬೆಳ್ಳಿ ಅಲೆ ಓಡಿದ್ದನ್ನು ನೋಡಿ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ.

ವೇಗದ್ದೂ ಒಂದು ಮಾತು. ಗರಿಷ್ಠ ವೇಗಕ್ಕೆ ಮಾತ್ರ ಮಿತಿ ಇಟ್ಟರೆ ಎಲ್ಲ ಮೀನುಗಳೂ ಅದೇ ಮಿತಿಯಲ್ಲಿ ಓಡುತ್ತವೆ, ರೈಲಿನ ಡಬ್ಬಿಗಳ ಹಾಗೆ. ನಾನು ಫ್ರೇಮಿಗೆ 2.2 ಪಿಕ್ಸೆಲ್ ಅನ್ನು ಸಾಮಾನ್ಯ ವೇಗ ಮಾಡಿ, ಹೆಚ್ಚಾದರೂ ಕಡಿಮೆಯಾದರೂ ನಿಧಾನಕ್ಕೆ ಅಲ್ಲಿಗೆ ಮರಳುವ ಹಾಗೆ ಬರೆದೆ. ಹಿಂದೆ ಬಿದ್ದದ್ದು ಜೋರು ಮಾಡುತ್ತದೆ, ಮುಂದೆ ಹೋದದ್ದು ತಡೆಯುತ್ತದೆ. ಮೀನುಗಳ ಮೇಲೆ 2011ರಲ್ಲಿ ನಡೆದ ಅಧ್ಯಯನದಲ್ಲೂ ಪಕ್ಕದವರಿಗೆ ತಕ್ಕಂತೆ ವೇಗ ಬದಲಿಸುವುದೇ ದೊಡ್ಡ ಪಾತ್ರ ವಹಿಸಿತ್ತು.

ಏಳು ಮೀನಿನ ನಿಯಮಕ್ಕೆ ಒಂದು ತೊಂದರೆ ಉಂಟು. ಹತ್ತಾರು ಮೀನು ಒತ್ತಾಗಿ ಒಂದೆಡೆ ಸೇರಿದರೆ, ಹೆಚ್ಚಿನವಕ್ಕೆ ಹತ್ತಿರದ ಏಳೂ ಆ ಗುಂಪಿನವರೇ. ಹೊರಗಿನ ಹಿಂಡು ಅವುಗಳ ಪಾಲಿಗೆ ಇಲ್ಲ. ಹತ್ತು ನಿಮಿಷ ಬಿಟ್ಟರೆ ಇಂಥ ಪುಟ್ಟ ಗುಂಪುಗಳು ಬೇರೆಯಾಗಿ ಅಲೆಯತೊಡಗಿದವು. ಕೊಹೀಷನ್ ಹೆಚ್ಚಿಸಿದರೆ ಗುಂಪು ಇನ್ನೂ ಬಿಗಿಯಾಗುತ್ತದೆ, ಅದು ಪರಿಹಾರ ಅಲ್ಲ. ಸ್ಕ್ರೀನಿನಲ್ಲಿ ನಿಧಾನವಾಗಿ ಅಲೆಯುವ, ಕಣ್ಣಿಗೆ ಕಾಣದ ಒಂದು ಚುಕ್ಕಿ ಇಟ್ಟು, ಎಲ್ಲರಿಗೂ ಅದರ ಕಡೆ ತೀರಾ ಸಣ್ಣ ಸೆಳೆತ ಕೊಟ್ಟೆ. ಗುಂಪುಗಳು ಆಗಾಗ ಹಾದಿಯಲ್ಲಿ ಸಿಕ್ಕಿ ಕೂಡಿಕೊಳ್ಳುತ್ತವೆ. ಇದು ನಾಲ್ಕನೆಯ ನಿಯಮ, ಒಪ್ಪುತ್ತೇನೆ.

ಎಲ್ಲ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಅಂಕಿ ಮೂಲೆಯಲ್ಲಿ ಇಟ್ಟಿದ್ದೆ. ಪ್ರತಿ ಮೀನಿನ ದಿಕ್ಕನ್ನು 1 ಉದ್ದದ ಬಾಣವೆಂದು ಇಟ್ಟು, ಎಲ್ಲದರ ಸರಾಸರಿ ಬಾಣದ ಉದ್ದ ನೋಡುವುದು. 1 ಎಂದರೆ ಎಲ್ಲರೂ ಒಂದೇ ದಿಕ್ಕು, ಸೊನ್ನೆಯ ಹತ್ತಿರ ಎಂದರೆ ಚದುರಿದೆ, ಇಲ್ಲವೇ ಸುತ್ತು ಹಾಕುತ್ತಿದೆ. ನನ್ನ ಹಳೆಯ ಹಿಂಡು 0.99ರಲ್ಲೇ ಕೂತಿರುತ್ತಿತ್ತು. ಹೊಸದು ತಿರುವಿನಲ್ಲಿ 0.8ಕ್ಕೆ ಇಳಿದು ಮತ್ತೆ ಏರುತ್ತದೆ.

ಮತ್ತೆ ಮಾವನಿಗೆ ತೋರಿಸಿದೆ, ಈ ಸಲ ನಡುವೆ ಒಂದು ದೊಡ್ಡ ಮೀನು ನುಗ್ಗುವ ಹಾಗೆ ಮಾಡಿ. ಹಿಂಡು ಬಾಯಿ ಬಿಟ್ಟ ಹಾಗೆ ಎರಡಾಗಿ, ಹಿಂದೆ ಕೂಡಿಕೊಂಡಿತು. ಮಾವ ತಲೆ ಅಲ್ಲಾಡಿಸಿದರು. "ಈಗ ಬೂತಾಯಿಯೇ. ಆದ್ರೆ ಇಷ್ಟು ಬೇಗ ಆರಾಮ ಆಗುದಿಲ್ಲ ಅವು. ಹೆದ್ರಿದ್ರೆ ಒಂದಕ್ಕೊಂದು ಅಂಟಿಕೊಳ್ತವೆ." ಆ ರಾತ್ರಿ ಪ್ರತಿ ಮೀನಿಗೂ ಭಯ ಎಂಬ ಒಂದು ಅಂಕಿ ಸೇರಿಸಿದೆ. ದೊಡ್ಡ ಮೀನು ಹತ್ತಿರ ಬಂದರೆ ಅದು 1 ಆಗುತ್ತದೆ, ಆಗ `R` 22ರಿಂದ 14ಕ್ಕೆ ಇಳಿಯುತ್ತದೆ. ಮತ್ತೆ ಸಡಿಲವಾಗಲು 600 ಫ್ರೇಮ್, ಅಂದರೆ ಹತ್ತು ಸೆಕೆಂಡ್.