ಆಡಿಟರ್ ಆಫೀಸಿನವರಿಗೆ: ‘ಲೋನ್ ಪೇಪರ್ ಕಳಿಸಿ’ ಅನ್ನಬೇಡಿ

ಆದಾಯ ತೆರಿಗೆ ರಿಟರ್ನ್‌ಗೆ ಕ್ಲೈಂಟ್‌ನಿಂದ ಬಾಕಿ ಕಾಗದ ಕೇಳುವಾಗ ಒಂದೊಂದಕ್ಕೂ ಒಂದು ಸಾಲು ಬರೆಯಿರಿ: ಕಾಗದದ ಪೂರ್ತಿ ಹೆಸರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಲ್ಲಿ ಸಿಗುತ್ತದೆ. ನಮ್ಮ ಜಯನಗರದ ಆಫೀಸಿಂದ ಮೊದಲು ಹೋಗುತ್ತಿದ್ದ ವಾಟ್ಸಾಪ್ ಹೀಗಿತ್ತು: ‘ಸರ್, ಫಾರ್ಮ್ 16, ಲೋನ್ ಪೇಪರ್ ಬಾಕಿ ಇದೆ, ಸ್ವಲ್ಪ ಬೇಗ ಕಳಿಸಿ.’ ಬರುತ್ತಿದ್ದದ್ದು ಲೋನ್ ಮಂಜೂರಾತಿ ಪತ್ರದ ಮಸುಕು ಫೋಟೋ. ಈಗ ಹೀಗೆ ಬರೆಯುತ್ತೇವೆ: ‘1. ಫಾರ್ಮ್ 16, ಪಾರ್ಟ್ ಎ ಮತ್ತು ಬಿ ಎರಡೂ, 1-4-2024ರಿಂದ 31-3-2025, ಕಂಪನಿಯ ಎಚ್‌ಆರ್ ಕೊಡುತ್ತಾರೆ. ವರ್ಷದ ಮಧ್ಯೆ ಕೆಲಸ ಬದಲಿಸಿದ್ದರೆ ಹಳೆ ಕಂಪನಿಯದೂ ಬೇಕು. 2. ಹೋಮ್ ಲೋನ್ ಬಡ್ಡಿ ಸರ್ಟಿಫಿಕೇಟ್, 1-4-2024ರಿಂದ 31-3-2025, ಬ್ಯಾಂಕಿನ ನೆಟ್‌ಬ್ಯಾಂಕಿಂಗ್‌ನಲ್ಲಿ ಸಿಗುತ್ತದೆ. ಮೇಲೆ ‘ಪ್ರೊವಿಷನಲ್’ ಅಂತ ಇದ್ದರೆ ಅದು ಬೇಡ. ಎರಡೂ ಪಿಡಿಎಫ್ ಆಗಿರಲಿ.’ ಕ್ಲೈಂಟ್‌ಗೆ ನಮ್ಮ ಅಡ್ಡಹೆಸರುಗಳು ಗೊತ್ತಿರುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಕಳಿಸುತ್ತಾರೆ. ಹೆಸರು, ತಾರೀಖು ಎದುರಿಗಿದ್ದರೆ ತಾವೇ ಹೊಂದಿಸಿ ನೋಡುತ್ತಾರೆ. ಪ್ರೊವಿಷನಲ್ ಮಾತು ಮಾತ್ರ ಬಿಡಲೇಬೇಡಿ. ವರ್ಷದ ನಡುವೆ ಎಚ್‌ಆರ್‌ಗೆ ಕೊಟ್ಟ ಆ ಅಂದಾಜು ಕಾಗದವೇ ಮೇಲ್‌ನಲ್ಲಿ ಮೊದಲು ಸಿಗುವುದು, ಮಧ್ಯೆ ಬಡ್ಡಿ ದರ ಬದಲಾಗಿದ್ದರೆ, ಒಂದಿಷ್ಟು ಅಸಲು ಮುಂಚೆಯೇ ಕಟ್ಟಿದ್ದರೆ ಅದರ ಲೆಕ್ಕ ತಾಳೆಯಾಗದು. ಹೀಗೆ ಸಾಲುಸಾಲಾಗಿ ಬರೆದರೂ ಕೈಕೊಡುವುದು ಎರಡು ಕಡೆ. ಫಾರ್ಮ್ 16 ಕೊಡಲು ಕಂಪನಿಗೆ ಜೂನ್ 15ರವರೆಗೆ ಸಮಯವಿದೆ, ಮೇ ತಿಂಗಳಲ್ಲೇ ಕೇಳಿದರೆ ಪಾಪ, ಕ್ಲೈಂಟ್ ಆದರೂ ಎಲ್ಲಿಂದ ತರಬೇಕು? ಎಲ್ಲರಿಗೂ ಒಂದೇ ಪಟ್ಟಿ ಫಾರ್ವರ್ಡ್ ಮಾಡಿದರೂ ಅಷ್ಟೇ, ಹೊಸ ತೆರಿಗೆ ಪದ್ಧತಿಯಲ್ಲಿದ್ದು ಸ್ವಂತ ಮನೆಯಲ್ಲೇ ವಾಸವಿರುವವರಿಗೆ ಎರಡನೇ ಸಾಲೇ ಬೇಕಿಲ್ಲ, ಅಳಿಸಿ ಕಳಿಸಿ.