ಘೇರು ಒಂದೇ, ಓಲಾಟ ಬೇರೆ: ಸ್ಕರ್ಟ್‌ಗಳಿಗೆ ವಿವರಣೆ ಬರೆದ ನನ್ನ ಅನುಭವ

ಬೆಂಗಳೂರಿನ ಒಂದು ಚಿಕ್ಕ ಉಡುಪಿನ ಅಂಗಡಿಯವರು ಆನ್‌ಲೈನ್‌ನಲ್ಲಿ ಮಾರುವ ಸ್ಕರ್ಟ್‌ಗಳಿಗೆ ಕನ್ನಡದಲ್ಲಿ ವಿವರಣೆ ಬರೆಯುವುದು ನನ್ನ ಕೆಲಸ. ಆರಂಭದಲ್ಲಿ 30 ಇಂಚು ಉದ್ದದ ಸ್ಕರ್ಟೊಂದಕ್ಕೆ ‘ಮಿಡಿ’ ಎಂದಷ್ಟೇ ಬರೆದು ಸುಮ್ಮನಾಗಿದ್ದೆ. ಐದು ಅಡಿ ಎತ್ತರದ ಗ್ರಾಹಕಿಯೊಬ್ಬರು ಅದನ್ನು ವಾಪಸು ಕಳಿಸಿ, “ಮಿಡಿ ಅಂದ್ರೆ ಮೊಣಕಾಲಿನ ಹತ್ತಿರ ನಿಲ್ಲುತ್ತೆ ಅಂದ್ಕೊಂಡಿದ್ದೆ ಮೇಡಂ, ಇದು ಮೀನಖಂಡ ದಾಟಿ ಕೆಳಗೆ ಬಂತು” ಎಂದರು. ತಪ್ಪು ಅವರದಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಟಾಪ್ ಜೊತೆ ತೊಡುತ್ತಿದ್ದ ಸ್ಕರ್ಟ್, ಉದ್ದ ಎಷ್ಟೇ ಇರಲಿ, ಮಿಡಿಯೇ ಆಗಿತ್ತು.

ಅಂದಿನಿಂದ ಹೆಸರಿನ ಜೊತೆಗೆ, ಸೊಂಟದ ಪಟ್ಟಿಯ ಮೇಲಂಚಿನಿಂದ ಅಳೆದ ಉದ್ದವನ್ನೂ, ಅದು ಯಾವ ಎತ್ತರದವರಿಗೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಬರೆಯುತ್ತೇನೆ. 5 ಅಡಿ 3 ಇಂಚು ಎತ್ತರದವರಿಗೆ 23 ಇಂಚು ಸುಮಾರಾಗಿ ಮೊಣಕಾಲಿಗೆ, 30 ಇಂಚು ಮೀನಖಂಡಕ್ಕೆ, 37 ಇಂಚು ಪಾದದ ಗಂಟಿಗೆ ಬರುತ್ತದೆ. ಸೊಂಟಕ್ಕಿಂತ ಎರಡು ಇಂಚು ಕೆಳಗೆ ಕಟ್ಟುವವರಿಗೆ ಅಂಚೂ ಅಷ್ಟೇ ಕೆಳಗಿಳಿಯುತ್ತದೆ ಎಂಬುದನ್ನು ಸೇರಿಸದಿದ್ದರೆ ಈ ಲೆಕ್ಕ ಅರ್ಧವೇ.

ಆಕಾರದ ವಿಷಯದಲ್ಲಿ ಪೆನ್ಸಿಲ್ ಸ್ಕರ್ಟ್ ನನಗೆ ಅಷ್ಟು ಕಷ್ಟ ಕೊಡಲಿಲ್ಲ. 38 ಇಂಚಿನ ಹಿಪ್‌ಗೆ ಹೊಲಿದ ಪೆನ್ಸಿಲ್‌ನಲ್ಲಿ ಕೆಳಗಿನ ಅಂಚಿನ ಸುತ್ತಳತೆ, ಅಂದರೆ ಘೇರು, 36 ಇಂಚಿನ ಆಸುಪಾಸಿನಲ್ಲಿ, ಹಿಪ್‌ಗಿಂತಲೂ ಕಡಿಮೆ ಇರುತ್ತದೆ. ಅದು ಓಲಾಡುವುದಿಲ್ಲ, ಹೆಜ್ಜೆ ಎಷ್ಟು ಅಗಲ ಹಾಕಬಹುದು ಎಂಬುದನ್ನು ಹಿಂಬದಿಯ ಸೀಳು ನಿರ್ಧರಿಸುತ್ತದೆ. ಆದ್ದರಿಂದ ಸೀಳು ಎಷ್ಟು ಇಂಚು, ಕುಳಿತಾಗ ಅಂಚು ಎಷ್ಟು ಮೇಲೇರುತ್ತದೆ ಎಂಬ ಎರಡು ಮಾತು ಬರೆದರೆ ಓದುವವರಿಗೆ ಚಿತ್ರ ಸಿಕ್ಕಿಬಿಡುತ್ತದೆ.

ಕಷ್ಟವಾದದ್ದು ಘೇರು ಹೆಚ್ಚಿದಾಗ. ಒಮ್ಮೆ ಒಂದೇ ರೇಯಾನ್ ಬಟ್ಟೆಯ, 28 ಇಂಚಿನ ಸೊಂಟದ, 38 ಇಂಚು ಉದ್ದದ ಎರಡು ಮ್ಯಾಕ್ಸಿಗಳು ಒಟ್ಟಿಗೆ ಬಂದವು. ಒಂದು ಅರ್ಧವೃತ್ತದ ಕಟಿಂಗ್, ಇನ್ನೊಂದು ನಾಲ್ಕು ಹಂತದ ಟಿಯರ್ಡ್, ಅಂದರೆ ಬಟ್ಟೆಯ ಪಟ್ಟಿಗಳನ್ನು ನೆರಿಗೆ ಹಿಡಿದು ಒಂದರ ಕೆಳಗೊಂದು ಹೊಲಿದದ್ದು. ಅರ್ಧವೃತ್ತದಲ್ಲಿ ಸೊಂಟದ ತ್ರಿಜ್ಯ, 28 ಅನ್ನು 3.14ರಿಂದ ಭಾಗಿಸಿದರೆ, 8.9 ಇಂಚು, ಅದಕ್ಕೆ ಉದ್ದದ 38 ಕೂಡಿಸಿ ಮತ್ತೆ 3.14ರಿಂದ ಗುಣಿಸಿದರೆ ಘೇರು ಸುಮಾರು 147 ಇಂಚು. ಟಿಯರ್ಡ್‌ನಲ್ಲಿ ಮೊದಲ ಹಂತ 42 ಇಂಚು, ಮುಂದಿನ ಪ್ರತಿ ಹಂತವೂ ಅದರ ಮೇಲಿನದರ ಒಂದೂವರೆ ಪಟ್ಟು, ಹೀಗಾಗಿ 63, 94, ಕೊನೆಗೆ 141 ಇಂಚು. ಘೇರು ಹೆಚ್ಚುಕಡಿಮೆ ಒಂದೇ; ಬಟ್ಟೆಯೂ ಹೆಚ್ಚುಕಡಿಮೆ ಅಷ್ಟೇ ಹಿಡಿದಿತ್ತು. ನಾನು ಎರಡಕ್ಕೂ ‘ತುಂಬು ಘೇರಿನ ಮ್ಯಾಕ್ಸಿ’ ಎಂದು ಬರೆಯಲು ಹೊರಟಿದ್ದೆ.

ಅಂಗಡಿಯ ಹುಡುಗಿಯೊಬ್ಬಳು ಎರಡನ್ನೂ ಒಂದೊಂದಾಗಿ ತೊಟ್ಟು ಹತ್ತು ಹೆಜ್ಜೆ ನಡೆದು ನಿಂತಾಗ ವ್ಯತ್ಯಾಸ ಕಂಡಿತು. ಅರ್ಧವೃತ್ತದ್ದು ಸೊಂಟದ ಬಳಿ ಒಂದೂ ನೆರಿಗೆಯಿಲ್ಲದೆ ನುಣುಪಾಗಿ ಕೂತು, ಕೆಳಗಿಳಿದಂತೆ ಉದ್ದುದ್ದ ಮಡಿಕೆಗಳಾಗಿ ಬಿಚ್ಚಿಕೊಳ್ಳುತ್ತಿತ್ತು. ಸೊಂಟದಿಂದ 18 ಇಂಚು ಕೆಳಗೆ ಅಳೆದರೆ ಅದರ ಸುತ್ತಳತೆ ಆಗಲೇ 84 ಇಂಚು ದಾಟಿತ್ತು. ಆಕೆ ತಿರುಗಿದಾಗ ಇಡೀ ಸ್ಕರ್ಟ್ ಒಟ್ಟಾಗಿ ತಿರುಗಿ, ಆಕೆ ನಿಂತ ಮೇಲೂ ಒಂದು ಸಲ ಕಾಲಿಗೆ ಸುತ್ತಿಕೊಂಡು ಬಿಡಿಸಿಕೊಂಡಿತು. ಟಿಯರ್ಡ್‌ನಲ್ಲಿ ಅದೇ ಎತ್ತರದಲ್ಲಿ ಇದ್ದದ್ದು 63 ಇಂಚು. ಅಲ್ಲಿಂದ ಕೆಳಗೆ ಪ್ರತಿ ಹೊಲಿಗೆಯಲ್ಲೂ ಚಿಕ್ಕ ಚಿಕ್ಕ ನೆರಿಗೆಗಳು ಬಟ್ಟೆಯನ್ನು ಹೊರಕ್ಕೆ ತಳ್ಳುತ್ತಿದ್ದವು. ಮೇಲಿನ ಹಂತ ಮೈಗೆ ಅಂಟಿದಂತೆ ಸುಮ್ಮನಿದ್ದರೆ, ಕೆಳಗಿನ ಹಂತ ಪ್ರತಿ ಹೆಜ್ಜೆಗೂ ಪುಟಿಯುತ್ತಿತ್ತು, ಆಕೆ ನಿಂತ ಕೂಡಲೇ ತಾನೂ ನಿಲ್ಲುತ್ತಿತ್ತು. ಹೆಚ್ಚಿನ ಬಟ್ಟೆ ಎಲ್ಲಿಂದ ಶುರುವಾಗುತ್ತದೆಯೋ ಅಲ್ಲಿಂದಲೇ ಓಲಾಟವೂ ಶುರುವಾಗುತ್ತದೆ ಎಂಬುದು ನನಗೆ ಅಂದು ತಿಳಿಯಿತು.

ಬಟ್ಟೆಯ ಗುಣವನ್ನು ಬಿಟ್ಟು ಘೇರನ್ನಷ್ಟೇ ಹೇಳಿದರೂ ಮೋಸವಾಗುತ್ತದೆ. ಇದೇ 141 ಇಂಚಿನ ಟಿಯರ್ಡ್ ಅನ್ನು ಗಂಜಿ ಹಾಕಿದ ಕಾಟನ್‌ನಲ್ಲಿ ಹೊಲಿಸಿದಾಗ ಅದು ಗಂಟೆಯಂತೆ ಅರಳಿ ನಿಂತಿತು. ರೇಯಾನ್‌ನಲ್ಲಿ ತನ್ನ ಭಾರಕ್ಕೇ ಜೋತು, ನಿಂತಾಗ ಅರ್ಧ ಘೇರಿನದೇನೋ ಎನ್ನುವಂತೆ ತೆಳ್ಳಗೆ ಕಂಡಿತು. ಅರ್ಧವೃತ್ತದ್ದಕ್ಕೆ ಇನ್ನೊಂದು ತೊಡಕಿದೆ. ಅದರ ಕೆಲವು ಭಾಗಗಳು ಬಟ್ಟೆಯ ಓರೆಗೆ ಬೀಳುವುದರಿಂದ ಅಲ್ಲಿ ಬಟ್ಟೆ ಜಗ್ಗುತ್ತದೆ. ಅಂಚು ಮಡಿಸುವ ಮೊದಲು ಒಂದು ಇಡೀ ದಿನ ತೂಗುಹಾಕದಿದ್ದರೆ ನಾಲ್ಕು ಸಲ ತೊಟ್ಟ ಮೇಲೆ ಅಂಚು ಏರುಪೇರಾಗುತ್ತದೆ, ನಾನು ಬರೆದ 38 ಇಂಚು ಒಂದು ಬದಿಗೆ ಸುಳ್ಳಾಗುತ್ತದೆ. ಹಾಗಾಗಿ ಈಗ ಉದ್ದವನ್ನು ಮುಂದೆ, ಹಿಂದೆ, ಎರಡು ಪಕ್ಕ, ಹೀಗೆ ನಾಲ್ಕು ಕಡೆ ಅಳೆದೇ ಬರೆಯುತ್ತೇನೆ.

ಆ ರೇಯಾನ್ ಟಿಯರ್ಡ್‌ಗೆ ಕೊನೆಗೆ ಬರೆದದ್ದು ಇಷ್ಟು: “ಉದ್ದ 38 ಇಂಚು, 5 ಅಡಿ 3 ಇಂಚು ಎತ್ತರದವರಿಗೆ ಪಾದದ ಗಂಟು ಮುಚ್ಚುತ್ತದೆ. ನಾಲ್ಕು ಹಂತ, ಕೆಳಗಿನ ಘೇರು 141 ಇಂಚು. ಹಿಪ್‌ನ ಬಳಿ ಸಪಾಟು, ಮೊಣಕಾಲಿನಿಂದ ಕೆಳಗೆ ತುಂಬು ನೆರಿಗೆ. ನಿಂತಾಗ ನೇರವಾಗಿ ಇಳಿಬೀಳುತ್ತದೆ, ನಡೆದಾಗ ಕೆಳಗಿನ ಎರಡು ಹಂತಗಳಷ್ಟೇ ಅಲೆಯಾಡುತ್ತವೆ.”