32 ಹಾಸಿಗೆಗೆ ರಾತ್ರಿ ಇಬ್ಬರು: ನರ್ಸ್ ಕೇಳಿ ಬರೆದ ಮೇಲ್ ಪಾಸಾದ ಬಗೆ

ನಮ್ಮ ವಾರ್ಡಿಗೆ ಮೂರು ಜನ ಹೊಸ ನರ್ಸ್ ಬಂದರು. ಮಳೆಗಾಲಕ್ಕೆ ಅಂತ ಇನ್ನೂ ಇಬ್ಬರು. "ಮೇಲ್ ಹಾಕಿದರೆ ಜನ ಕೊಡ್ತಾರಾ ಮಾರಾಯ್ತಿ" ಅಂತ ನಕ್ಕವರೇ ಈಗ ಆ ಮೇಲ್ ನಮಗೂ ಕಳಿಸು ಅಂತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಬರೆದುಬಿಡ್ತೀನಿ.

ಕಾರವಾರದ ಕಡೆ ಒಂದು ಖಾಸಗಿ ಆಸ್ಪತ್ರೆ, ಹೆಂಗಸರ ಮೆಡಿಕಲ್ ವಾರ್ಡು, 32 ಹಾಸಿಗೆ. ನಾನು ಇನ್‌ಚಾರ್ಜ್. ನನ್ನನ್ನು ಬಿಟ್ಟು ರೋಸ್ಟರಿನಲ್ಲಿ 10 ಜನ ಇದ್ದರು. ಜೂನ್ ಹುಟ್ಟಿತು ಅಂದರೆ ಇಲಿ ಜ್ವರ, ಡೆಂಗಿ, ಹಾವು ಕಚ್ಚಿದವರು, ಜೊತೆಗೆ ವರ್ಷವಿಡೀ ಇರುವ ಸಕ್ಕರೆ ಕಾಯಿಲೆ, ಲಕ್ವ, ಉಬ್ಬಸ. ಆ ತಿಂಗಳುಗಳಲ್ಲಿ ಹಾಸಿಗೆ ಖಾಲಿ ಅನ್ನೋದನ್ನು ನಾನು ನೋಡಿಲ್ಲ.

ಮೊದಲು ಕೇಳಿದಾಗಲೆಲ್ಲ ಏನಾಯ್ತು ಹೇಳ್ತೀನಿ. "ಸಿಬ್ಬಂದಿ ತೀವ್ರ ಕೊರತೆ, ದಯವಿಟ್ಟು ಗಮನಿಸಿ" ಅಂತ ಬರೆದ ಪತ್ರಕ್ಕೆ ಉತ್ತರವೇ ಇಲ್ಲ. ಎಲ್ಲ ವಾರ್ಡಿನಿಂದಲೂ ಅದೇ ಪತ್ರ ಹೋಗುತ್ತದೆ, ಅವರಾದರೂ ಎಷ್ಟು ಓದ್ತಾರೆ? ಆಮೇಲೆ ನರ್ಸಿಂಗ್ ಕೌನ್ಸಿಲ್ ಲೆಕ್ಕ ಹಿಡಿದು ಹೋದೆವು. ಅದು ನಮಗೇ ತಿರುಗಿ ಬಿತ್ತು. ಟೀಚಿಂಗ್ ಆಸ್ಪತ್ರೆಯಲ್ಲದ ಕಡೆ ಜನರಲ್ ವಾರ್ಡಿಗೆ ಐದು ಹಾಸಿಗೆಗೆ ಒಬ್ಬರು, ಮೇಲೆ ರಜೆಗೆಂದು ಶೇ. 30 ಜಾಸ್ತಿ, ಅಲ್ವಾ? ಅಡ್ಮಿನಿಸ್ಟ್ರೇಟರ್ ಸಾಹೇಬರು ಕ್ಯಾಲ್ಕುಲೇಟರ್ ತೆಗೆದು ನಮ್ಮೆದುರೇ ಒತ್ತಿದರು. 32ನ್ನು ಐದರಿಂದ ಭಾಗಿಸಿದರೆ ಏಳರ ಹತ್ತಿರ. ಶೇ. 30 ಸೇರಿಸಿದರೆ ಒಂಬತ್ತು. "ಸಿಸ್ಟರ್, ನಿಮ್ಮಲ್ಲಿ ಒಬ್ಬರು ಜಾಸ್ತಿಯೇ ಇದ್ದಾರಲ್ಲ" ಅಂದರು. ಹಾಸಿಗೆ ಎಣಿಸುವ ಲೆಕ್ಕಕ್ಕೆ ಹಾಸಿಗೆಯಲ್ಲಿ ಯಾರಿದ್ದಾರೆ ಅನ್ನೋದು ಗೊತ್ತಾಗುವುದಿಲ್ಲ. ಆದರೆ ಹಾಗೆ ಬಾಯಲ್ಲಿ ಹೇಳಿದರೆ ಅದು ಗೊಣಗಾಟ ಅನ್ನಿಸಿಕೊಳ್ಳುತ್ತದೆ, ಅಷ್ಟೇ.

ಹಾಗಾಗಿ ನಾನು ಗಂಟೆ ಲೆಕ್ಕಕ್ಕೆ ಇಳಿದೆ. ಕೆಲಸ ಎಷ್ಟು ಗಂಟೆ, ನಮ್ಮ ಕೈಯಲ್ಲಿರುವುದು ಎಷ್ಟು ಗಂಟೆ. ಈ ಎರಡೇ.

ಕೈಯಲ್ಲಿರುವುದು ಸುಲಭ. 365 ದಿನದಲ್ಲಿ ವಾರಕ್ಕೊಂದರಂತೆ 52 ರಜೆ ಕಳೆಯಿರಿ. ಸಿಎಲ್, ಇಎಲ್, ಹಬ್ಬ, ಹುಷಾರಿಲ್ಲದ ದಿನ ಎಲ್ಲ ಸೇರಿ ನಮ್ಮಲ್ಲಿ ಇನ್ನೊಂದು ನಲವತ್ತು ಚಿಲ್ಲರೆ ಹೋಗುತ್ತದೆ. ಒಬ್ಬ ನರ್ಸ್ ವರ್ಷಕ್ಕೆ ಮಾಡುವುದು 270 ಡ್ಯೂಟಿ. ಹತ್ತು ಜನಕ್ಕೆ 2,700. ದಿನಕ್ಕೆ ಭಾಗಿಸಿದರೆ ಏಳು ಚಿಲ್ಲರೆ. ಅಂದರೆ ಬೆಳಿಗ್ಗೆ ಮೂವರು, ಮಧ್ಯಾಹ್ನ ಇಬ್ಬರು, ರಾತ್ರಿ ಇಬ್ಬರು. ಕಾಗದದ ಮೇಲೆ ಮೂರು ರೋಗಿಗೆ ಒಬ್ಬರು ಅನ್ನಿಸಿದ್ದು ರಾತ್ರಿ ಹದಿನಾರು ರೋಗಿಗೆ ಒಬ್ಬರಾಗುವುದು ಹೀಗೆ. ಎಂಟು ಗಂಟೆ ಶಿಫ್ಟಿನಲ್ಲಿ ಹ್ಯಾಂಡೋವರ್, ಊಟ ಕಳೆದರೆ ಏಳು ಗಂಟೆ ಕೆಲಸ. ಒಟ್ಟು ದಿನಕ್ಕೆ 52 ಗಂಟೆ ಆಸುಪಾಸು.

ಕೆಲಸದ ಗಂಟೆ ತೆಗೆಯುವುದರಲ್ಲೇ ಜೀವ ಹೋಯಿತು. ಮೊದಲು ಮೊಬೈಲಿನ ಸ್ಟಾಪ್‌ವಾಚ್ ಇಟ್ಟು ಅಳೆದು ನೋಡಿದೆವು. ಉಪಯೋಗವಿಲ್ಲ. ಅಳೀತಾರೆ ಅಂತ ಗೊತ್ತಾದ ಕೂಡಲೇ ಕೆಲವರು ಓಡಿ ಓಡಿ ಮುಗಿಸ್ತಾರೆ, ಕೆಲವರು ನಿಧಾನ ಮಾಡ್ತಾರೆ. ಪುಸ್ತಕದಲ್ಲಿರುವ ಗಂಟೆಗಳನ್ನು ಎತ್ತಿ ಹಾಕೋಣ ಅಂದರೆ ಅವು ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು ಎಲ್ಲ ನರ್ಸೇ ಮಾಡುವ ಕಡೆಯವು. ನಮ್ಮಲ್ಲಿ ಅದರಲ್ಲಿ ಅರ್ಧ ಮನೆಯವರೇ ಮಾಡ್ತಾರೆ. ಆ ಅಂಕಿ ಕೊಟ್ಟರೆ 25 ಜನ ಬೇಕು ಅಂತ ಬರುತ್ತದೆ, ಸಾಹೇಬರು ಅಲ್ಲಿಗೇ ಮೇಲ್ ಮುಚ್ಚುತ್ತಾರೆ. ಕೊನೆಗೆ ಔಷಧಿ ಟ್ರಾಲಿಯ ಹಿಂಬದಿಗೆ ಒಂದು ಹಾಳೆ ಅಂಟಿಸಿದೆ. ಕೆಲಸ ಮುಗಿದ ಹಾಗೆ ಒಂದು ಗೀಟು. ಎರಡು ವಾರಕ್ಕಿಂತ ಹೆಚ್ಚು ದಿನ ಇದು ನಡೆಯಿತು. ಒಂದೊಂದು ಕೆಲಸಕ್ಕೆ ಸರಾಸರಿ ನಿಮಿಷ ಎಷ್ಟು ಅನ್ನುವುದನ್ನು ಹಳೇ ಸಿಸ್ಟರ್‌ಗಳನ್ನು ಕೂರಿಸಿಕೊಂಡು ಒಪ್ಪಿಸಿದೆ. ರಾತ್ರಿ ಪಾಳಿಯವರು ಗೀಟು ಹಾಕುವ ಹಾಗೆ ಹೇಗೆ ಮಾಡಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಆಮೇಲೆ ರೋಗಿಗಳನ್ನು ನಾಲ್ಕು ದರ್ಜೆ ಮಾಡಿದೆ. ತಾನೇ ಓಡಾಡಿಕೊಂಡಿರುವವರಿಗೆ ದಿನಕ್ಕೆ ಒಂದು ಗಂಟೆ. ಐವಿ, ಇನ್ಸುಲಿನ್, ನೆಬ್ಯುಲೈಸೇಶನ್ ಇರುವವರಿಗೆ ಎರಡು. ಮಲಗಿದಲ್ಲೇ ಇರುವ, ಮೂಗಿನ ನಳಿಕೆ, ಕ್ಯಾಥೆಟರ್ ಇರುವವರಿಗೆ ಮೂರೂವರೆ. ಗಂಟೆಗೊಮ್ಮೆ ನೋಡಲೇಬೇಕಾದವರಿಗೆ ಆರು. ಜುಲೈಯ ಒಂದು ಮಾಮೂಲಿ ದಿನ ತೆಗೆದುಕೊಳ್ಳಿ: ಮೊದಲನೆಯ ದರ್ಜೆ 10 ಜನ, ಎರಡನೆಯದು 13, ಮೂರನೆಯದು 7, ನಾಲ್ಕನೆಯದು 2. ಕೂಡಿಸಿದರೆ 72 ಗಂಟೆ ಚಿಲ್ಲರೆ. ಮಧ್ಯರಾತ್ರಿಯ ಸೆನ್ಸಸ್ 32 ಅಂತ ತೋರಿಸುತ್ತದೆ, ಆದರೆ ಹಗಲು ಆರು ಜನ ಡಿಸ್ಚಾರ್ಜ್ ಆಗಿ ಅದೇ ಹಾಸಿಗೆಗೆ ಆರು ಜನ ಬಂದಿರುತ್ತಾರೆ. ಅಡ್ಮಿಶನ್‌ಗೆ ಮುಕ್ಕಾಲು ಗಂಟೆ, ಡಿಸ್ಚಾರ್ಜ್‌ಗೆ ಅರ್ಧ ಗಂಟೆ. ಅದೂ ಸೇರಿ 80.

80ಕ್ಕೆ 52. ಕೊರತೆ 28 ಗಂಟೆ, ಅಂದರೆ ದಿನಕ್ಕೆ ನಾಲ್ಕು ಡ್ಯೂಟಿ, ರಜೆ ಸೇರಿಸಿ ಲೆಕ್ಕ ಹಾಕಿದರೆ ಐದೂವರೆ ಜನದ ಹತ್ತಿರ.

ನಾಲ್ಕನೆಯ ದರ್ಜೆಗೆ ಆರು ಗಂಟೆ ಎಂತಕ್ಕೆ ಅಂತ ಕೇಳ್ತಾರೆ, ಕೇಳಿಯೇ ಕೇಳ್ತಾರೆ. ಅದಕ್ಕೆ ಒಂದು ಕೇಸನ್ನು ಹೆಸರಿಲ್ಲದೆ ಬಿಡಿಸಿ ಬರೆದೆ. ಅಂಕೋಲಾ ಕಡೆಯ ಹೆಂಗಸು, ಗದ್ದೆಯಲ್ಲಿ ಹಾವು ಕಚ್ಚಿದ್ದು, ರಾತ್ರಿ ಒಂಬತ್ತಕ್ಕೆ ಬಂದರು. ಒಣ ಗಾಜಿನ ಟ್ಯೂಬಿಗೆ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟು ಓರೆ ಮಾಡಿ ನೋಡಿದರೆ ಹೆಪ್ಪುಗಟ್ಟಿಲ್ಲ. ಹತ್ತು ವಯಲ್ ಆಂಟಿವೆನಮ್ ಶುರು. ಪುಡಿ ರೂಪದ ವಯಲ್ ಆದರೆ ಅದು ಕರಗುವವರೆಗೆ ಮೆಲ್ಲಗೆ ತಿರುಗಿಸುತ್ತಾ ಕೂರಬೇಕು, ಜೋರಾಗಿ ಅಲ್ಲಾಡಿಸಿದರೆ ನೊರೆ. ಅಡ್ರಿನಲಿನ್ ಸಿರಿಂಜಿಗೆ ಎಳೆದು ಪಕ್ಕದಲ್ಲೇ ಇರಬೇಕು. ಡ್ರಿಪ್ ಹೋಗುವ ಒಂದು ಗಂಟೆ ಮೈಮೇಲೆ ದದ್ದು ಏಳುತ್ತದಾ, ಉಸಿರು ಕಟ್ಟುತ್ತದಾ ಅಂತ ಆ ನರ್ಸ್ ಅಲ್ಲಿಂದ ಕದಲುವ ಹಾಗಿಲ್ಲ. ಆರು ಗಂಟೆ ಬಿಟ್ಟು ಮತ್ತೆ ಅದೇ ಟ್ಯೂಬ್ ಪರೀಕ್ಷೆ. ಅಷ್ಟರಲ್ಲಿ ಉಳಿದ 31 ಜನಕ್ಕೆ ಇನ್ನೊಬ್ಬಳೇ. ಆ ರಾತ್ರಿ ಹತ್ತು ಗಂಟೆಯ ಆಂಟಿಬಯೋಟಿಕ್ ಕೊನೆಯ ರೋಗಿಗೆ ಹೋದದ್ದು ಹನ್ನೆರಡರ ಹತ್ತಿರ. ಔಷಧಿ ಚಾರ್ಟಿನಲ್ಲಿ ಟೈಮ್ ಇತ್ತು. ಅದನ್ನೂ ಹಾಕಿದೆ, ಒಂದೇ ಸಾಲಿನಲ್ಲಿ.

ಮಧ್ಯೆ ಒಂದು ಹುಚ್ಚು ಪ್ರಯೋಗವೂ ಮಾಡಿದೆ. ರಾತ್ರಿ ಬೆಲ್ ಎಷ್ಟು ಸಲ ಹೊಡೀತಾರೆ ತಿಳಿಯಲು ಡಬ್ಬಿಗೆ ಹುಣಸೆ ಬೀಜ ಹಾಕಿಸಿದೆ. ಬೆಳಿಗ್ಗೆ ಎಣಿಸಿದರೆ ಎಪ್ಪತ್ತರ ಮೇಲೆ. ಆದರೆ ತೀರಾ ಗಲಾಟೆಯ ಹೊತ್ತಿನಲ್ಲಿ ಬೀಜ ಹಾಕಲು ಯಾರಿಗೆ ಪುರಸೊತ್ತು? ಆ ಅಂಕಿ ಬಿಟ್ಟೆ. ಇನ್ನೊಂದು ಮಾತ್ರ ಫಲ ಕೊಟ್ಟಿತು. ನರ್ಸ್ ಫಾರ್ಮಸಿಗೆ, ಲ್ಯಾಬಿಗೆ ಓಡಾಡುವುದನ್ನು ಬೇರೆ ಗೀಟಿನಲ್ಲಿ ಬರೆಸಿದೆ. ದಿನಕ್ಕೆ ಮೂರು ಗಂಟೆ ಅದಕ್ಕೇ ಹೋಗುತ್ತಿತ್ತು! ಅದಕ್ಕೆ ಒಬ್ಬ ಅಟೆಂಡರ್ ಸಾಕು, ಸಂಬಳವೂ ಕಡಿಮೆ. ನಾವೇ ಉಳಿತಾಯದ ದಾರಿ ತೋರಿಸಿದ ಮೇಲೆ ಉಳಿದ ಅಂಕಿಗಳ ಮೇಲೂ ಅವರಿಗೆ ನಂಬಿಕೆ ಬಂತು ಅಂತ ನನ್ನ ಅಂದಾಜು.

ಈಗ ದುಡ್ಡು. ಇದಿಲ್ಲದೆ ಮೇಲ್ ಕಳಿಸಲೇಬೇಡಿ. ನಮ್ಮಲ್ಲಿ ತಿಂಗಳಿಗೆ ಸುಮಾರು 45 ಹೆಚ್ಚುವರಿ ಡ್ಯೂಟಿ ಆಗುತ್ತಿತ್ತು. ಒಂದಕ್ಕೆ 600 ರೂಪಾಯಿ, ಒಟ್ಟು 27,000. ಜಿಎನ್ಎಂ ಮುಗಿಸಿ ಬಂದ ಹೊಸಬರ ಸಂಬಳ ನಮ್ಮಲ್ಲಿ 18,000 ಆಸುಪಾಸು. ಅಂದರೆ ಒಂದೂವರೆ ನರ್ಸಿನ ಸಂಬಳ ಆಗಲೇ ಖರ್ಚಾಗುತ್ತಿತ್ತು, ಬರುತ್ತಿದ್ದದ್ದು ಮಾತ್ರ ಅದೇ ಸುಸ್ತಾದ ಹತ್ತು ಜನ. ಅವರಲ್ಲೂ ಗೋವಾಕ್ಕೆ, ಮಂಗಳೂರಿಗೆ ಬಿಟ್ಟು ಹೋಗುವವರು ವರ್ಷಕ್ಕೆ ಮೂರ್ನಾಲ್ಕು. ಹೊಸಬರು ಒಬ್ಬರೇ ರಾತ್ರಿ ನಿಭಾಯಿಸುವಷ್ಟಾಗಲು ಎರಡು ತಿಂಗಳು. ಇದಕ್ಕಿಂತ ದೊಡ್ಡದು ಐಸಿಯು. ವಾರ್ಡಿನಲ್ಲಿ ನೋಡುವವರಿಲ್ಲ ಅಂತ ಸುಧಾರಿಸಿದ ರೋಗಿಯನ್ನೂ ಐಸಿಯುನಲ್ಲೇ ಇಟ್ಟುಕೊಳ್ಳುತ್ತಿದ್ದರು. ಹೊಸ ಐಸಿಯು ಕೇಸು ಬಂದರೆ ಹಾಸಿಗೆ ಇಲ್ಲ, ಮಣಿಪಾಲಕ್ಕೆ ಕಳಿಸು. ಆ ನಷ್ಟ ಎಷ್ಟು ಅಂತ ನಾನು ಬರೆಯಲಿಲ್ಲ, ಎಷ್ಟು ಸಲ ಹಾಗಾಯಿತು ಅಂತಷ್ಟೇ ಬರೆದೆ. ಗುಣಾಕಾರ ಅವರಿಗೆ ಚೆನ್ನಾಗಿ ಬರುತ್ತದೆ.

ಆಫೀಸ್ ಮೇಲ್ ಇಂಗ್ಲಿಷಿನಲ್ಲೇ ಹೋಗಬೇಕು. ಮೊದಲ ಭಾಗದ ಸಾರ ಇಷ್ಟು:

"ವಿಷಯ: ಹೆಂಗಸರ ಮೆಡಿಕಲ್ ವಾರ್ಡ್, ದಿನಕ್ಕೆ 28 ನರ್ಸಿಂಗ್ ಗಂಟೆ ಕೊರತೆ, ಮೂರು ಆಯ್ಕೆಗಳು.

ಸರ್, ಜುಲೈಯಲ್ಲಿ ವಾರ್ಡಿಗೆ ದಿನಕ್ಕೆ ಸುಮಾರು 80 ಗಂಟೆ ಬೇಕಿತ್ತು, ಲಭ್ಯವಿದ್ದದ್ದು 52. ಹೆಚ್ಚುವರಿ ಡ್ಯೂಟಿಗೆ ತಿಂಗಳಿಗೆ ಸುಮಾರು 27,000 ರೂಪಾಯಿ ಖರ್ಚಾಗುತ್ತಿದೆ. ಕೆಳಗಿನ ಮೂರರಲ್ಲಿ ಒಂದಕ್ಕೆ ತಮ್ಮ ಒಪ್ಪಿಗೆ ಬೇಕು."

ಒಂದನೆಯ ಆಯ್ಕೆ, ಐದು ಕಾಯಂ ನರ್ಸ್. ಎರಡನೆಯದು, ಮೂರು ಕಾಯಂ, ಜೂನ್‌ನಿಂದ ಅಕ್ಟೋಬರ್‌ವರೆಗೆ ಇಬ್ಬರು ಗುತ್ತಿಗೆ, ಒಬ್ಬ ಅಟೆಂಡರ್. ಮೂರನೆಯದು, ಇರುವ ಜನರಲ್ಲೇ ನಡೆಸುವುದು, ಆದರೆ 21 ಹಾಸಿಗೆ ಮಾತ್ರ ತೆರೆದಿಟ್ಟು 11 ಮುಚ್ಚುವುದು. 80ಕ್ಕೆ 32 ಹಾಸಿಗೆಯಾದರೆ 52ಕ್ಕೆ ಎಷ್ಟು, ಸರಳ ಲೆಕ್ಕ. ಮೂರನೆಯದನ್ನು ಯಾರೂ ಒಪ್ಪುವುದಿಲ್ಲ ಅಂತ ಗೊತ್ತಿತ್ತು. ಅದು ಅಲ್ಲಿರುವುದೇ ಎರಡನೆಯದು ಅಗ್ಗ ಅಂತ ಕಾಣಲಿ ಅಂತ. ರೋಗಿ ಸಾಯ್ತಾರೆ, ಕೋರ್ಟು, ಕೇಸು, ಇಂಥ ಮಾತು ಒಂದೂ ಇರಲಿಲ್ಲ. ಹಾಗೆ ಬರೆದರೆ ಮೇಲ್ ಅಡ್ಮಿನಿಸ್ಟ್ರೇಟರ್ ಕೈಯಿಂದ ವಕೀಲರ ಕೈಗೆ ಹೋಗುತ್ತದೆ, ಅಲ್ಲಿಂದ ಬರುವುದಿಲ್ಲ. ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂಗೆ ಮೊದಲೇ ತೋರಿಸಿ ಅವರ ಮೂಲಕವೇ ಕಳಿಸಿದೆ. ಅದರ ನಕಲು ಇನ್ನೊಬ್ಬರಿಗೂ ಹೋಯಿತು. ಯಾರಿಗೆ, ತಿಂಗಳ ಯಾವ ತಾರೀಖಿಗೆ ಅಂತ ಕೇಳಬೇಡಿ, ಇನ್ನೂ ಇಲ್ಲೇ ಕೆಲಸ ಮಾಡಬೇಕು ನಾನು.

ಸಾಹೇಬರು ಕರೆದರು. "ಇದು ಮಳೆಗಾಲದ ಲೆಕ್ಕ, ಫೆಬ್ರವರಿಯದು ತೋರಿಸಿ" ಅಂದರು. ಫೈಲಿನಲ್ಲಿತ್ತು. ಫೆಬ್ರವರಿಯಲ್ಲಿ 64ರ ಹತ್ತಿರ ಬರುತ್ತದೆ, ಆಗಲೂ ಕೊರತೆಯೇ. ಅದಕ್ಕೇ ಮೂರು ಕಾಯಂ, ಇಬ್ಬರು ಗುತ್ತಿಗೆ ಅಂತ ಬೇರೆ ಮಾಡಿದ್ದು ಅಂದೆ. ಮತ್ತೆ ಮಾತಿಲ್ಲ. ತಿಂಗಳೊಪ್ಪತ್ತಿನಲ್ಲಿ ಎರಡನೆಯ ಆಯ್ಕೆಗೆ ಸಹಿ ಬಿತ್ತು.

ಈಗ ರಾತ್ರಿ ಮೂವರು. ಹತ್ತರ ಆಂಟಿಬಯೋಟಿಕ್ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಹೆಚ್ಚುವರಿ ಡ್ಯೂಟಿ ಪೂರ್ತಿ ನಿಂತಿಲ್ಲ, ತಿಂಗಳಿಗೆ ಹತ್ತು ಹನ್ನೆರಡಕ್ಕೆ ಇಳಿದಿದೆ. ಹೊಸ ಮೂವರಲ್ಲಿ ಒಬ್ಬಳು ಆಗಲೇ ಗೋವಾದ ಇಂಟರ್‌ವ್ಯೂಗೆ ಹೋಗಿ ಬಂದಿದ್ದಾಳೆ ಅಂತ ಸುದ್ದಿ, ಹಾಗಾಗಿ ಹಾಳೆಯನ್ನು ಟ್ರಾಲಿಯಿಂದ ಕಿತ್ತಿಲ್ಲ. ಸರ್ಜಿಕಲ್ ವಾರ್ಡಿನವರಿಗೆ ಒಂದು ಮಾತು: ನನ್ನ ಒಂದು, ಎರಡು, ಮೂರೂವರೆ, ಆರು ಗಂಟೆಯನ್ನು ಹಾಗೇ ಎತ್ತಿಕೊಳ್ಳಬೇಡಿ. ನಿಮ್ಮ ಡ್ರೆಸಿಂಗ್, ಆಪರೇಶನ್ನಿಗೆ ಕಳಿಸುವುದು, ಅಲ್ಲಿಂದ ಬಂದ ಮೇಲಿನ ಮೊದಲ ಎರಡು ಗಂಟೆ, ಇವು ನನ್ನ ಹಾಳೆಯಲ್ಲಿ ಇಲ್ಲವೇ ಇಲ್ಲ. ಅದನ್ನು ನೀವೇ ಗೀಟು ಹಾಕಿಸಿ ತೆಗೆಯಬೇಕು.